ಬಣ್ಣ ಬಿಟ್ಟ ಇಳಕಲ್ ಸೀರೆಗೆ ನಾನು ಬರೆಯುವ ಉತ್ತರ

"ತಪ್ಪು ನಮ್ಮದೇ ಅಂತ ಬರೆದುಕೊಟ್ಟರೆ ಮುಗೀತು, ನಾಳೆ ಗ್ರಾಹಕರ ಕೋರ್ಟಿಗೆ ಎಳೀತಾರೆ." ನಮ್ಮ ಲೆಕ್ಕ ನೋಡುವವರು, ಪಕ್ಕದ ಅಂಗಡಿಯವರು, ಭಾವ, ಎಲ್ಲರದೂ ಇದೇ ಮಾತು. ಎರಡು ವರ್ಷದ ಹತ್ತಿರ ಆಯಿತು, ಸೀರೆ ಮಾರುವ ನಾನು ದೂರು ಕೊಟ್ಟ ಗ್ರಾಹಕರಿಗೆ ಬರೆದೇ ಕೊಡುತ್ತಿದ್ದೇನೆ. ಒಂದು ನೋಟಿಸೂ ಬಂದಿಲ್ಲ. ಈಗ ಅದೇ ಪಕ್ಕದ ಅಂಗಡಿಯವರು ನನ್ನ ಒಕ್ಕಣೆ ಕೇಳಿ ಪಡೆದುಕೊಂಡಿದ್ದಾರೆ!

ಹಳೇ ರೀತಿಯಲ್ಲಿ ದುಡ್ಡು ಹೋಗುತ್ತಿದ್ದದ್ದು ಮಾತಿನಿಂದಲೇ. "ತೊಂದರೆಯಾಗಿದ್ದರೆ ಕ್ಷಮಿಸಿ" ಅಂತ ಬರೆದರೆ ಎದುರಿನವರಿಗೆ ಉರಿಯುತ್ತದೆ. ಸೀರೆ ಹಾಳಾಗಿ ಕೈಯಲ್ಲಿದೆ, "ಆಗಿದ್ದರೆ" ಎಂದರೆ ಏನರ್ಥ ಅಲ್ವಾ? ಅದಕ್ಕಿಂತ ದುಬಾರಿ ಬಿದ್ದದ್ದು "ಅದೇ ಸೀರೆ ಎರಡೇ ದಿನದಲ್ಲಿ ಕಳಿಸ್ತೀವಿ" ಅನ್ನುವ ಭರವಸೆ. ಮಗ್ಗದ ಸೀರೆ ಅದು. ಮಗ್ಗಕ್ಕೆ ಹೂಡಿದ ಉದ್ದೆಳೆಗಳು, ಅಂದರೆ ಹಾಸು, ಮುಗಿದರೆ ಅದೇ ಬಣ್ಣ, ಅದೇ ದಡಿ ಮತ್ತೆ ಕೂಡಿಬರುವುದು ನೇಕಾರರ ಕೈಯಲ್ಲಿದೆ, ನಮ್ಮ ಕೈಯಲ್ಲಿಲ್ಲ. ಒಬ್ಬರಿಗೆ ಹೀಗೆ ಒಪ್ಪಿಕೊಂಡು, ಅದು ಸಿಗದೆ, ಸಮಾಧಾನಕ್ಕೆ ಜಾಸ್ತಿ ಬೆಲೆಯ ಸೀರೆ ಕಳಿಸಿದೆವು. ಸಾವಿರದೈನೂರರ ಆಸುಪಾಸು ಕೈಯಿಂದ ಹೋಯಿತು, ಅವರ ಸಿಟ್ಟು ಹಾಗೇ ಉಳಿಯಿತು.

ಇನ್ನು ಒಂದು ಪ್ರಕರಣ ಹೇಳುತ್ತೇನೆ. ಮೈಸೂರಿನ ಮೇಡಂ ಒಬ್ಬರು ಫೋಟೋ ಕಳಿಸಿದರು. ಮೊದಲ ಒಗೆತಕ್ಕೇ ರೇಷ್ಮೆ ಸೆರಗಿನ ಕೆಂಪು ಬಿಟ್ಟು ಅದರ ಮೇಲಿನ ತೋಪಿ ತೆನಿ ವಿನ್ಯಾಸದ ಬಿಳಿ ಪೂರ್ತಿ ಗುಲಾಬಿಯಾಗಿತ್ತು. ಹತ್ತಿಯ ಒಡಲಿಗೂ ಮಚ್ಚೆ ಹತ್ತಿತ್ತು. ಉತ್ತರ ಬರೆಯುವ ಮೊದಲು ಅದೇ ಲಾಟಿನಲ್ಲಿ ಉಳಿದಿದ್ದ ಸೀರೆ ತೆಗೆದೆ. ಬಿಳಿ ಹತ್ತಿ ಬಟ್ಟೆ ಒದ್ದೆ ಮಾಡಿ ಸೆರಗಿನ ಒಳಮಗ್ಗುಲಿಗೆ ನಾಲ್ಕಾರು ಸಲ ತಿಕ್ಕಿದೆ. ಬಟ್ಟೆ ಕೆಂಪಾಯಿತು. ಬಣ್ಣ ಹಾಕಿದ ಮೇಲೆ ಹೆಚ್ಚಿನ ಬಣ್ಣವನ್ನು ಸರಿಯಾಗಿ ತೊಳೆದು ತೆಗೆದಿರಲಿಲ್ಲ. ತಪ್ಪು ಮಾಲಿನದು ಅಂತ ಖಾತ್ರಿಯಾದ ಮೇಲೆ ಹೀಗೆ ಬರೆದೆ:

"ಮೇಡಂ, ನಮಸ್ಕಾರ. ನಾವು ಕೊಟ್ಟ ಸೀರೆಯ ಸೆರಗು ಬಣ್ಣ ಬಿಟ್ಟಿದೆ. ಇದು ನೀವು ಒಗೆದ ರೀತಿಯಿಂದ ಆದದ್ದಲ್ಲ. ಅದೇ ಲಾಟಿನ ಇನ್ನೊಂದು ಸೀರೆ ಇಲ್ಲಿ ಪರೀಕ್ಷಿಸಿದೆ, ಅದೂ ಬಿಡುತ್ತಿದೆ. ಮಾರುವ ಮುಂಚೆ ನಾವು ನೋಡಬೇಕಿತ್ತು, ನೋಡಲಿಲ್ಲ. ಕ್ಷಮಿಸಿ. ಪೂರ್ತಿ ಹಣ ಇವತ್ತು ಸಂಜೆಯೊಳಗೆ ನಿಮ್ಮ ಯುಪಿಐಗೆ ಹಾಕಿ ಯುಟಿಆರ್ ನಂಬರ್ ಕಳಿಸುತ್ತೇನೆ. ವಾಪಸ್ ಕೊರಿಯರ್ ಖರ್ಚು ನಮ್ಮದು. ಇದೇ ಸೀರೆ ಮತ್ತೆ ಕೊಡಲು ಆಗುವುದಿಲ್ಲ, ಆ ಹಾಸು ಮುಗಿದಿದೆ. ಮಚ್ಚೆ ಪೂರ್ತಿ ಹೋಗುತ್ತದೆ ಅಂತಲೂ ಹೇಳಲಾರೆ. ದಯವಿಟ್ಟು ಈಗ ಇಸ್ತ್ರಿ ಮಾಡಬೇಡಿ, ಬಿಸಿಗೆ ಮಚ್ಚೆ ಇನ್ನೂ ಗಟ್ಟಿಯಾಗುತ್ತದೆ."

ಇದರಲ್ಲಿ ನನಗೆ ಮುಖ್ಯವಾದದ್ದು ಹಣದ ಸಾಲು. "ನಾನು ಹಾಕುತ್ತೇನೆ" ಎಂದಿದ್ದೇನೆ, ಯಾಕೆಂದರೆ ಯುಪಿಐನಲ್ಲಿ ಕಳಿಸುವುದು ನನ್ನ ಕೈಯಲ್ಲಿದೆ. ಕಾರ್ಡಿನಲ್ಲಿ ಕೊಟ್ಟವರಿಗೆ ಹಾಗೆ ಬರೆಯಲ್ಲ. "ಇವತ್ತು ರಿಫಂಡ್ ಹಾಕಿದ್ದೇನೆ, ಖಾತೆಗೆ ಬೀಳಲು ಬ್ಯಾಂಕಿನವರು ಕೆಲವು ಕೆಲಸದ ದಿನ ತೆಗೆದುಕೊಳ್ಳುತ್ತಾರೆ" ಎನ್ನುತ್ತೇನೆ. "ನಾಳೆ ಬರುತ್ತೆ" ಎಂದು ಒಂದು ಸಲ ಬರೆದರೆ ವಾರವಿಡೀ ಫೋನು.

ಕೋರ್ಟಿನ ಭಯಕ್ಕೂ ಒಂದು ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹಾಕಿದ ಅವಧಿಯೊಳಗೆ, ಅವಧಿ ಹಾಕಿಲ್ಲದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದೆ ಇರುವುದೇ ಅನುಚಿತ ವ್ಯಾಪಾರ. "ಮಾರಿದ ಮಾಲು ವಾಪಸಿಲ್ಲ" ಅನ್ನುವ ಬೋರ್ಡು ಹಾಳಾದ ಸೀರೆಯ ಮುಂದೆ ನಿಲ್ಲುವುದಿಲ್ಲ. ಹೇಗಿದ್ದರೂ ಕೊಡಲೇಬೇಕಾದದ್ದನ್ನು ಜಗಳಕ್ಕೆ ಮುಂಚೆ ಕೊಡುವುದು ಮೇಲು.

ಪ್ರತಿ ದೂರಿಗೂ ಹೀಗೇ ಬರೆಯುತ್ತೇನೆ ಅಂದುಕೊಳ್ಳಬೇಡಿ. ತಿಕ್ಕಿದ ಬಟ್ಟೆ ಬಿಳಿಯಾಗಿಯೇ ಉಳಿದರೆ, ಅದರ ಫೋಟೋ ಕಳಿಸಿ, ಯಾವ ಪುಡಿ, ಎಷ್ಟು ಹೊತ್ತು ನೆನೆಹಾಕಿದ್ದರು ಎಂದು ಕೇಳುತ್ತೇನೆ. ಆಗದ ತಪ್ಪನ್ನು ಒಪ್ಪಿಕೊಳ್ಳುವುದೂ ಸುಳ್ಳೇ.

ನಡುವೆ ಬೇರೆ ಪ್ರಯೋಗಗಳೂ ಆದವು. ಬರೆಯುವ ಬದಲು ದನಿ ಸಂದೇಶ ಕಳಿಸಿದೆ. ಕೇಳಲು ಹಿತ, ಆದರೆ ಏನು ಒಪ್ಪಿಕೊಂಡೆವು ಎಂದು ಆಮೇಲೆ ಹುಡುಕಲು ಆಗಲ್ಲ. ಸುಮ್ನೆ ಒಂದು ಕುಪ್ಪಸದ ಖಣ ಸೇರಿಸಿ ಕಳಿಸಿದೆ. ಹಣ ಕೈಸೇರುವ ಮೊದಲು ಹೋದರೆ ಅದು ಲಂಚದಂತೆ ಕಾಣುತ್ತದೆ. ಹಣ ಹಾಕಿದ ಮೇಲೆ ಯಾವಾಗ, ಏನು ಕಳಿಸಬೇಕು ಅನ್ನುವುದು ನನ್ನ ಹತ್ತಿರವೇ ಇರಲಿ.

ಮೈಸೂರಿನ ಸೀರೆಗೆ 2,800ರಷ್ಟು ಹಣ, ನೂರಿಪ್ಪತ್ತೋ ನೂರೈವತ್ತೋ ಕೊರಿಯರ್ ಹೋಯಿತು. ಆ ಲಾಟಿನ ಉಳಿದ ಏಳೆಂಟು ಸೀರೆಗಳನ್ನು ಕೆಂಪಾದ ಬಿಳಿ ಬಟ್ಟೆಯ ಜೊತೆಗೇ ನೇಕಾರರಿಗೆ ಒಯ್ದು ತೋರಿಸಿದೆ. ಅವರು ಬಣ್ಣದವರನ್ನು ಕರೆಸಿದರು. ವಾದ ಸ್ವಲ್ಪ ಹೊತ್ತು ನಡೆಯಿತು, ಕೊನೆಗೆ ನಷ್ಟದಲ್ಲಿ ಅರ್ಧ ಅವರು ಹೊತ್ತರು. ಈಗ ಕೆಂಪು ಸೆರಗಿನ ಲಾಟ್ ಬಂದರೆ ಬಟ್ಟೆ ತಿಕ್ಕದೆ ಒಳಗೆ ಇಡುವುದಿಲ್ಲ, ತಿಕ್ಕಿದ ತುಂಡಿಗೆ ಲಾಟಿನ ನಂಬರ್ ಬರೆದು ಬಿಲ್ಲಿನ ಫೈಲಿಗೇ ಪಿನ್ ಮಾಡುತ್ತೇವೆ.