ಹಸಿಯಲ್ಲಿ ಕೆತ್ತಬೇಕು, ಒಣಗಿಸಿ ಕಟ್ಟಬೇಕು: ಕೆಂಪುಕಲ್ಲಿನ ಕೆಲಸದ ಅನುಭವ

ಕರಾವಳಿಯಲ್ಲಿ ಮನೆ ಕಟ್ಟಿಸುವವರು ಕೆಂಪುಕಲ್ಲಿನ ಬಗ್ಗೆ ಮೊದಲು ಕೇಳುವ ಮಾತು ಒಂದೇ: "ಈಗ ಮೆತ್ತಗಿದ್ದರೂ ಹೊರಗೆ ಬಿದ್ದಮೇಲೆ ತನ್ನಷ್ಟಕ್ಕೆ ಗಟ್ಟಿಯಾಗುತ್ತದೆ." ಇದು ಅರ್ಧ ಮಾತ್ರ ನಿಜ. ಎಲ್ಲ ಕೆಂಪುಕಲ್ಲೂ ಗಟ್ಟಿಯಾಗುವುದಿಲ್ಲ, ಗಟ್ಟಿಯಾಗುವ ಕಲ್ಲೂ ಎಲ್ಲ ಕಡೆ ಒಂದೇ ಸಮ ಆಗುವುದಿಲ್ಲ. ಕೋರೆಯಿಂದ ಗೋಡೆಯವರೆಗೆ ಆಗುವ ಬಹುತೇಕ ತಪ್ಪುಗಳು ಈ ಅರ್ಧ ಸತ್ಯವನ್ನು ನಂಬಿದ್ದರಿಂದಲೇ ಆಗುತ್ತವೆ.

ನೆಲದೊಳಗಿರುವಾಗ ಈ ಕಲ್ಲು ಸದಾ ಹಸಿ. ಕಬ್ಬಿಣದ ಅಂಶ ನೀರಿನೊಂದಿಗೆ ಬೆರೆತು, ಇನ್ನೂ ಪೂರ್ತಿ ಹರಳುಗಟ್ಟದ ಸ್ಥಿತಿಯಲ್ಲಿ ಜೇಡಿಯ ಸುತ್ತ ಹೆಣೆದುಕೊಂಡಿರುತ್ತದೆ. ಕಡಿದು ಹೊರಗಿಟ್ಟಾಗ ಒಳಗಿನ ನೀರು ಮೈಕಡೆಗೆ ಬಂದು ಆರುತ್ತದೆ. ಬರುವಾಗ ಸ್ವಲ್ಪ ಕಬ್ಬಿಣವನ್ನೂ ತರುತ್ತದೆ. ನೀರು ಆರಿದಂತೆ ಆ ಕಬ್ಬಿಣ ಹರಳಾಗಿ ಒಂದಕ್ಕೊಂದು ಬೆಸೆದುಕೊಳ್ಳುತ್ತದೆ. ಒಮ್ಮೆ ಹರಳಾದದ್ದು ಮತ್ತೆ ನೀರಿಗೆ ಹಾಕಿದರೂ ಹಿಂದಿನ ಮೆದುವಿಗೆ ಮರಳುವುದಿಲ್ಲ. ಅಂದರೆ ಗಟ್ಟಿಯಾಗಲು ಕಬ್ಬಿಣ ಬೇಕು. ಕಡುಗೆಂಪು ಅಥವಾ ಕಂದು ಬಲೆಯಂಥ ಹೆಣಿಗೆ ಕಾಣುವ ಕಲ್ಲಿನಲ್ಲಿ ಅದು ಇದೆ. ಹಳದಿ ಮತ್ತು ಬಿಳಿ ಮಚ್ಚೆಯೇ ಹೆಚ್ಚಿರುವ ಕಲ್ಲಿನಲ್ಲಿ ಇರುವುದು ಜೇಡಿ. ಅದನ್ನು ಮೂರು ವರ್ಷ ಬಿಸಿಲಿಗಿಟ್ಟರೂ ಒಣಗಿದ ಜೇಡಿಯೇ ಆಗುತ್ತದೆ.

ಈ ಕಲ್ಲಿಗೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದವನು. 1807ರಲ್ಲಿ ಅಚ್ಚಾದ ಅವನ ಬರಹದಲ್ಲಿ ಮಲಬಾರಿನ ಅಂಗಡಿಪುರದ ಕಲ್ಲಿನ ವಿವರಣೆ ಇದೆ. ಕಡಿದ ಕೂಡಲೇ ಅದನ್ನು ಬೇಕಾದ ಆಕಾರಕ್ಕೆ ಕೆತ್ತಿಬಿಡುತ್ತಾರೆ, ಬೇಗನೆ ಇಟ್ಟಿಗೆಯಷ್ಟು ಗಟ್ಟಿಯಾಗುತ್ತದೆ ಎನ್ನುತ್ತಾನೆ. ಗಟ್ಟಿಯಾಗುವ ಮಾತನ್ನು ಎಲ್ಲರೂ ನೆನಪಿಟ್ಟುಕೊಂಡರು, "ಕೂಡಲೇ" ಎಂಬುದನ್ನು ಮರೆತರು. ಅದರ ಬೆಲೆ ಏನೆಂದು ಮುಂದೆ ಹೇಳುತ್ತೇನೆ.

ಮೊದಲು ಕೋರೆ. ಹೊಸ ಜಾಗದಲ್ಲಿ ಯಂತ್ರ ಇಳಿಸುವ ಮೊದಲು ಮೂರಡಿ ಅಗಲ, ಮೂರಡಿ ಉದ್ದದ ಪರೀಕ್ಷೆ ಗುಂಡಿ ತೆಗೆಯುತ್ತೇವೆ. ಮೇಲೆ ಮಣ್ಣು, ಅದರ ಕೆಳಗೆ ಗಂಟುಗಂಟಾದ ಗಡಸು ಪದರ. ಈ ಪದರ ಎಷ್ಟು ಗಟ್ಟಿ ಎಂದರೆ ಸಮ ತುಂಡಾಗಿ ಬರುವುದೇ ಇಲ್ಲ, ಒಡೆದು ಪುಡಿ ಕಲ್ಲಾಗುತ್ತದೆ. ಅದು ರಸ್ತೆಗೆ, ತುಂಬಿಸುವುದಕ್ಕೆ. ಅದರ ಕೆಳಗಿನದು ಕಟ್ಟಡದ ಕಲ್ಲು. ಇನ್ನೂ ಇಳಿದಂತೆ ಬಣ್ಣ ತಿಳಿಯಾಗುತ್ತದೆ, ಬಿಳಿ ಮಚ್ಚೆ ದೊಡ್ಡದಾಗುತ್ತದೆ, ಕೊನೆಗೆ ಶೇಡಿ ಎಂಬ ಮೆದು ಬಿಳಿ ಮಣ್ಣು ಸಿಗುತ್ತದೆ. ಗುಂಡಿಯ ಗೋಡೆಗೆ ಪ್ರತಿ ಒಂದು ಅಡಿಗೆ ಕಬ್ಬಿಣದ ಮೊಳೆ ಒತ್ತಿ ನೋಡಿ. ಹೆಬ್ಬೆರಳ ಒತ್ತಡಕ್ಕೇ ಮೊಳೆ ಸಲೀಸಾಗಿ ಇಳಿಯಲು ಶುರುವಾದ ಆಳವೇ ಕೋರೆಯ ತಳ. ಅಲ್ಲಿಂದ ಮೇಲಿನ ಒಂದು ವರಸೆ ಕಲ್ಲನ್ನೂ ನಾವು ಬಿಡುತ್ತೇವೆ. ದುರಾಸೆಗೆ ಕೊನೆಯ ವರಸೆ ತೆಗೆದರೆ ಎರಡು ನಷ್ಟ: ಆ ಕಲ್ಲು ಗೋಡೆಯಲ್ಲಿ ಬಾಳುವುದಿಲ್ಲ, ಮತ್ತು ತೆರೆದ ಶೇಡಿಯ ಮೇಲೆ ಮಳೆನೀರು ನಿಂತು ಕೋರೆಯ ಬದಿ ಬುಡದಿಂದ ಕುಸಿಯುತ್ತದೆ. ಬಾವಿ ತೋಡಿದವರಿಗೆ ಇದು ಗೊತ್ತು. ಕೆಂಪುಕಲ್ಲಿನ ಭಾಗ ಕಟ್ಟೋಣವಿಲ್ಲದೆ ನಿಲ್ಲುತ್ತದೆ, ಶೇಡಿ ಬಂದಲ್ಲಿ ರಿಂಗ್ ಇಳಿಸಲೇಬೇಕು.

ಹಿಂದೆ ಪಿಕ್ಕಾಸಿಯಿಂದ ಸುತ್ತ ಕಂದಕ ಕೊರೆದು, ಹಾರೆ ಹಾಕಿ ಎಬ್ಬಿಸಿ, ಕೊಡಲಿಯಿಂದ ಕೆತ್ತುತ್ತಿದ್ದರು. ಈಗ ಹಳಿಯ ಮೇಲೆ ಓಡುವ ಗರಗಸದ ಚಕ್ರ. ಉದ್ದಕ್ಕೆ ಸೀಳು, ಅಡ್ಡಕ್ಕೆ ಸೀಳು, ಆಮೇಲೆ ಬುಡಕ್ಕೆ ಅಡ್ಡ ಚಕ್ರ. ಯಂತ್ರದ ಕಲ್ಲು ಅಳತೆಗೆ ಸರಿ ಬರುತ್ತದೆ. ಆದರೆ ಹಳಿ ಮಟ್ಟವಾಗಿಲ್ಲದಿದ್ದರೆ ಇಡೀ ಸಾಲು ಓರೆ. ಆ ಓರೆಯನ್ನು ಮೇಸ್ತ್ರಿ ಆಮೇಲೆ ಕೆತ್ತಿ ಸರಿಮಾಡಬೇಕು, ತೊಂದರೆ ಶುರುವಾಗುವುದೇ ಅಲ್ಲಿ.

ಕಲ್ಲು ಒಣಗುವಾಗ ಹೆಚ್ಚು ಗಟ್ಟಿಯಾಗುವುದು ಅದರ ಚರ್ಮ. ನೀರು ಆರುವ ಜಾಗ ಅದೇ ತಾನೇ. ಆರು ತಿಂಗಳು ಹೊರಗಿದ್ದ ಕಲ್ಲನ್ನು ಒಡೆದು ನೋಡಿ. ಅಂಚಿನಲ್ಲಿ ಮೊಳೆ ಗೀರಿದರೆ ಬರೀ ಗೆರೆ ಬೀಳುತ್ತದೆ, ನಡುವೆ ಗೀರಿದರೆ ಪುಡಿ ಉದುರುತ್ತದೆ. ಇಂಥ ಕಲ್ಲನ್ನು ಕಟ್ಟುವಾಗ ಕೊಡಲಿಯಿಂದ ಅರ್ಧ ಇಂಚು ಕೆತ್ತಿದರೆ ಗಟ್ಟಿ ಚರ್ಮ ಹೋಗಿ ಮೆದು ಹೊಟ್ಟೆ ಮಳೆಗೆ ತೆರೆದುಕೊಳ್ಳುತ್ತದೆ. ಹಸಿಯಲ್ಲೇ ಕೆತ್ತಬೇಕು ಎನ್ನುವುದು ಕೆಲಸ ಸುಲಭ ಅಂತ ಮಾತ್ರವಲ್ಲ. ಮೂಲೆಕಲ್ಲು, ಅರ್ಧ ಕಲ್ಲು, ಕಿಟಕಿ ಬದಿಯ ಕಲ್ಲು ಎಷ್ಟು ಬೇಕೆಂದು ಮೊದಲೇ ಲೆಕ್ಕ ಹಾಕಿ ಕೋರೆಯಲ್ಲೇ ಮಾಡಿಸಿಕೊಳ್ಳಿ. ಸೈಟಿನಲ್ಲಿ ಕೆತ್ತಲೇಬೇಕಾದ ಮೈಯನ್ನು ಗೋಡೆಯ ಒಳಕ್ಕೆ ತಿರುಗಿಸಿ.

ನಮ್ಮ ಪದ್ಧತಿಯಲ್ಲಿ ದೀಪಾವಳಿ ಕಳೆದು ಕಡಿದ ಕಲ್ಲು ಕನಿಷ್ಠ ಮೂರು ತಿಂಗಳು ಅಟ್ಟಿಯಲ್ಲಿರುತ್ತದೆ. ನೆಲಕ್ಕೆ ಅಡಿಕೆ ಸಲಾಕೆ ಅಥವಾ ಒಡೆದ ಕಲ್ಲು ಹಾಸಿ, ಕಲ್ಲುಗಳ ನಡುವೆ ಎರಡು ಬೆರಳು ಸಂದು ಬಿಟ್ಟು, ಐದು ವರಸೆಗಿಂತ ಎತ್ತರ ಪೇರಿಸದೆ ಇಡುತ್ತೇವೆ. ಒತ್ತಾಗಿ ಪೇರಿಸಿದರೆ ಹೊರಸುತ್ತಿನ ಕಲ್ಲು ಮಾತ್ರ ಒಣಗುತ್ತದೆ. ನಡುವೆ ಒಂದೆರಡು ಮಳೆ ಬಂದರೆ ಹೆದರಬೇಕಿಲ್ಲ, ನೆನೆದು ಒಣಗುವುದೂ ಕೆಲಸ ಮಾಡುತ್ತದೆ. ಮೆದು ಕಲ್ಲಿದ್ದರೆ ಆ ಮಳೆಯೇ ತೋರಿಸಿಕೊಡುತ್ತದೆ: ಅಟ್ಟಿಯ ಕೆಳಗೆ ಬಿಳಿ, ಹಳದಿ ರಾಡಿ ಹರಿದಿದ್ದರೆ ಅದು ಯಾವ ಕಲ್ಲಿನಿಂದ ಬಂತೆಂದು ಹುಡುಕಿ ಬೇರೆ ಮಾಡಿ.

ಆರಿಸಲು ಇನ್ನೊಂದು ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ಭಾರತೀಯ ಮಾನಕ IS 3620 ಪ್ರಕಾರ ಕಲ್ಲು ತನ್ನ ತೂಕದ 12 ಶೇಕಡಕ್ಕಿಂತ ಹೆಚ್ಚು ನೀರು ಕುಡಿಯಬಾರದು, ಚದರ ಮಿಲಿಮೀಟರಿಗೆ 3.5 ನ್ಯೂಟನ್ ಒತ್ತಡವನ್ನಾದರೂ ತಾಳಬೇಕು. ಒತ್ತಡದ ಪರೀಕ್ಷೆಗೆ ಪ್ರಯೋಗಾಲಯ ಬೇಕು, ನೀರಿನದಕ್ಕೆ ಅಂಗಡಿಯ ತಕ್ಕಡಿ ಸಾಕು. 15×9×7 ಇಂಚಿನ ಚೆನ್ನಾಗಿ ಒಣಗಿದ ಕಲ್ಲು 31.2 ಕಿಲೊ ತೂಗಿತು ಎನ್ನಿ. ಒಂದು ದಿನ ಪೂರ್ತಿ ಮುಳುಗಿಸಿ, ಮೈ ಒರೆಸಿ ತೂಗಿದಾಗ 34.6 ಕಿಲೊ. ಕುಡಿದ ನೀರು 3.4 ಕಿಲೊ, ಅಂದರೆ ಹತ್ತಿರ ಹತ್ತಿರ 11 ಶೇಕಡ. ನಡೆಯುತ್ತದೆ. ಅದೇ ಲೋಡಿನ ಹಳದಿ ಕಲ್ಲು 28.6ರಿಂದ 33 ಕಿಲೊಗೆ ಏರಿದರೆ 15 ಶೇಕಡ ದಾಟಿತು. ಅದನ್ನು ಒಳಗಿನ ಅಡ್ಡಗೋಡೆಗೆ ಹಾಕಿ, ಮಳೆ ಬಡಿಯುವ ಕಡೆ ಬೇಡ. ಒಣ ತೂಕವೇ ಒಂದು ಸೂಚನೆ. ಒಂದೇ ಅಳತೆಯ ಕಲ್ಲಿನಲ್ಲಿ ಹಗುರವಾದದ್ದನ್ನು ಕಂಡರೆ ಅನುಮಾನಿಸಿ.

ಒಂದಂತಸ್ತಿನ, ಎರಡಂತಸ್ತಿನ ಮನೆಯ ಗೋಡೆಯಲ್ಲಿ ಕಲ್ಲಿನ ಮೇಲೆ ಬೀಳುವ ಒತ್ತಡ ಆ 3.5ರ ಹತ್ತಿರಕ್ಕೂ ಹೋಗುವುದಿಲ್ಲ. ತೊಲೆ ಕೂರುವ ಜಾಗಕ್ಕೆ ಕಾಂಕ್ರೀಟಿನ ದಿಂಬು ಕೊಟ್ಟರೆ ಸಾಕು. ಕೆಂಪುಕಲ್ಲಿನ ಗೋಡೆ ಹಾಳಾಗುವುದು ಭಾರದಿಂದಲ್ಲ, ನೀರಿನಿಂದ.

ಕಲ್ಲಿನೊಳಗೆ ಹುಳು ಕೊರೆದಂಥ ತೂತುಗಳಿರುತ್ತವೆ, ಅವುಗಳಲ್ಲಿ ಮೆದು ಜೇಡಿ ತುಂಬಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಶ್ಚಿಮ ಮತ್ತು ನೈಋತ್ಯದಿಂದ ಬೀಸುವ ಮಳೆ ಆ ಜೇಡಿಯನ್ನು ವರ್ಷ ವರ್ಷ ತೊಳೆದು ಒಯ್ಯುತ್ತದೆ. ಕಬ್ಬಿಣದ ಬಲೆ ಉಳಿಯುತ್ತದೆ, ತೂತು ದೊಡ್ಡದಾಗುತ್ತದೆ, ಒಂದು ದಿನ ಗೋಡೆಯ ಒಳಮೈಯಲ್ಲಿ ಅಂಗೈಯಗಲ ತೇವ ಕಾಣುತ್ತದೆ. ಸಂದಿನ ಗಾರೆ ಸರಿಯಿಲ್ಲ ಅಂತ ಮೇಸ್ತ್ರಿಯನ್ನು ಬೈಯುತ್ತಾರೆ, ಎಷ್ಟೋ ಸಲ ನೀರು ಬಂದಿರುವುದು ಕಲ್ಲಿನ ಮೂಲಕವೇ. ಕಟ್ಟುವ ಮುನ್ನ ಕಲ್ಲನ್ನು ನಿಲ್ಲಿಸಿ ಒಂದು ಮೈಗೆ ಚೊಂಬು ನೀರು ಹೊಯ್ಯಿರಿ. ಆಚೆ ಮೈಯಲ್ಲಿ ಹನಿ ಕಂಡರೆ ಅದರಲ್ಲಿ ಆರುಪಾರು ತೂತಿದೆ.

ಸಾರಣೆ ಇಲ್ಲದೆ ಕಲ್ಲನ್ನೇ ತೋರಿಸುವ ಗೋಡೆ ಈಗ ಎಲ್ಲರಿಗೂ ಬೇಕು. ಹಳಬರು ಮನೆ, ದೊಡ್ಡ ಕಟ್ಟಡಗಳಲ್ಲಿ ಅದನ್ನು ಹೆಚ್ಚಾಗಿ ಸುಣ್ಣದ ಸಾರಣೆಯಿಂದ ಮುಚ್ಚುತ್ತಿದ್ದರು. ಪಕ್ಕದ ಹಳೆ ಗೋವಾದ ಬಾಮ್ ಜೀಸಸ್ ಬೆಸಿಲಿಕಾ ನೋಡಿ. 1605ರಲ್ಲಿ ಮುಗಿದ ಕೆಂಪುಕಲ್ಲಿನ ಆ ಕಟ್ಟಡಕ್ಕೆ ಸುಣ್ಣದ ಸಾರಣೆ ಇತ್ತು. 1950ರ ದಶಕದಲ್ಲಿ, ಹಳೆಯದಾಗಿ ಕಾಣಲಿ ಎಂದು ಅದನ್ನು ಕಿತ್ತು ಕಲ್ಲು ತೋರಿಸಿದರು. ಅಂದಿನಿಂದ ಪ್ರತಿ ಮಳೆಗಾಲ ನೇರ ಕಲ್ಲಿನ ಮೇಲೆಯೇ ಬೀಳುತ್ತಿದೆ, ಸವೆತ ಕಣ್ಣಿಗೆ ಕಾಣುತ್ತದೆ. ಇಷ್ಟರ ಮೇಲೂ ಕಲ್ಲು ತೋರಿಸಲೇಬೇಕೆಂದರೆ ಮಾಡಿನ ಸೂರು ಮೂರಡಿ ಮುಂದೆ ಬರಲಿ, ಪಶ್ಚಿಮದ ಗೋಡೆಗೆ ಜಗಲಿ ಇರಲಿ.

15×9×7 ಇಂಚಿನ ಕಲ್ಲಿನಲ್ಲಿ ಕಟ್ಟುವಾಗ 9 ಇಂಚು ದಪ್ಪದ ಗೋಡೆಗೆ, ಅರ್ಧ ಇಂಚಿನ ಸಂದು ಹಿಡಿದರೆ, ನೂರು ಚದರಡಿಗೆ 124 ಕಲ್ಲು. ಒಡೆದದ್ದು, ಆರಿಸಿ ಬಿಟ್ಟದ್ದು ಸೇರಿ 136 ತರಿಸಿ. ಗಾರೆ ಒಂದು ಸಿಮೆಂಟಿಗೆ ಆರು ಮರಳು ಸಾಕು. ಅದಕ್ಕಿಂತ ಗಟ್ಟಿ ಮಾಡಿದರೆ ಸಂದು ಕಲ್ಲಿಗಿಂತ ಗಟ್ಟಿಯಾಗಿ, ತೇವ ಆರುವ ದಾರಿ ಕಲ್ಲೇ ಆಗುತ್ತದೆ. ಹತ್ತು ವರ್ಷದ ಮೇಲೆ ಗಾರೆ ಚೌಕಟ್ಟಿನಂತೆ ಮುಂದೆ ಉಳಿದು ಕಲ್ಲು ಒಳಗೆ ಕುಳಿತಿರುತ್ತದೆ. ಇಡುವ ಮುನ್ನ ಕಲ್ಲಿನ ಪುಡಿ ತೊಳೆದು ಮೈ ಒದ್ದೆ ಮಾಡಿ. ಯಂತ್ರದ ಕಲ್ಲಿನ ಸೀಳಿನಲ್ಲಿ ಮೆತ್ತಿದ ನುಣುಪು ಪುಡಿ ಇರುತ್ತದೆ. ಬ್ರಶ್ ಹಾಕಿ ಉಜ್ಜದಿದ್ದರೆ ಸಾರಣೆ ಹಪ್ಪಳದಂತೆ ಏಳುತ್ತದೆ, ಬೆರಳಿನಿಂದ ತಟ್ಟಿದರೆ ಟೊಳ್ಳು ಸದ್ದು ಕೇಳುತ್ತದೆ.

ಪಂಚಾಂಗಕ್ಕೆ, ಅಂದರೆ ಅಡಿಪಾಯಕ್ಕೆ, ನೀರು ನಿಲ್ಲುವ ಜಾಗದಲ್ಲಿ ಕಗ್ಗಲ್ಲೇ ಸರಿ. ನೆನೆದ ಕೆಂಪುಕಲ್ಲಿನ ಬಲ ಒಣಗಿದ್ದಕ್ಕಿಂತ ಕಡಿಮೆ, ಸದಾ ನೆನೆದೇ ಇದ್ದರೆ ಒಣಗಿ ಗಟ್ಟಿಯಾಗುವ ಅವಕಾಶವೇ ಇಲ್ಲ. ಸೂರಿನ ನೀರು ನೆಲಕ್ಕೆ ಬಿದ್ದು ಸಿಡಿಯುವ ಒಂದೂವರೆ ಅಡಿ ಎತ್ತರದಲ್ಲಿ ಗೋಡೆ ಎಲ್ಲಕ್ಕಿಂತ ಮೊದಲು ಕೊರೆಯುತ್ತದೆ. ಅಷ್ಟು ಎತ್ತರಕ್ಕೆ ಆರಿಸಿದ ಕಡುಗೆಂಪು ಕಲ್ಲು ಹಾಕಿ, ಬುಡದಲ್ಲಿ ಜಲ್ಲಿ ಹಾಸಿ. ಹಳೆ ಗೋಡೆ ಅಲ್ಲಿ ಕೊರೆದಿದ್ದರೆ ಸಿಮೆಂಟ್ ಮೆತ್ತಬೇಡಿ. ಹಿಂದಿನ ತೇವ ಮೇಲೇರಿ ಮೆತ್ತಿದ್ದರ ಮೇಲ್ಗಡೆಯ ಕಲ್ಲನ್ನು ತಿನ್ನತೊಡಗುತ್ತದೆ. ಕೊರೆದ ಕಲ್ಲನ್ನು ಒಂದು ಬಿಟ್ಟು ಒಂದರಂತೆ ತೆಗೆದು, ಒಂದು ಮಳೆಗಾಲ ಹೊರಗೆ ಕಳೆದ ಹೊಸ ಕಲ್ಲನ್ನು ಸುಣ್ಣದ ಗಾರೆಯಲ್ಲಿ ಕೂರಿಸಿ. ಕೆತ್ತದ ಮೈ ಹೊರಕ್ಕಿರಲಿ.