ಫೋಟೊದಲ್ಲಿ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್: ಸಾಲು ತಪ್ಪದಂತೆ ಕನ್ನಡಕ್ಕೆ ತರುವುದು ಹೇಗೆ?

ಗುಳೇದಗುಡ್ಡದ ಒಂದು ಮಹಿಳಾ ಸ್ವಸಹಾಯ ಸಂಘದವರು ಹೋದ ವರ್ಷ ನನಗೆ ಒಂದು ಫೋಟೊ ಕಳಿಸಿದ್ದರು. 2025ರ ಜೂನ್ ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್. ಸಂಘದ ನಡಾವಳಿ ಪುಸ್ತಕ ಕನ್ನಡದಲ್ಲಿದೆ, ಸ್ಟೇಟ್‌ಮೆಂಟ್ ಇಂಗ್ಲಿಷಿನಲ್ಲಿದೆ. ಸಭೆಯಲ್ಲಿ ಎಲ್ಲರಿಗೂ ಓದಿ ಹೇಳಬೇಕು, ಅದಕ್ಕೇ ಕನ್ನಡ ಮಾಡಿಕೊಡಿ ಎಂದರು. ಆರೇ ವ್ಯವಹಾರ. ನಾನು ಬಾಗಲಕೋಟೆಯ ನವನಗರದ ಮನೆಯಲ್ಲಿ ಕೂತು ಅರ್ಧ ಗಂಟೆಯಲ್ಲಿ ಮುಗಿಸಿ ಕಳಿಸಿದೆ. ಸಂಜೆ ಖಜಾಂಚಿಯ ಫೋನ್ ಬಂತು. "ಅಕ್ಕಾರ, ಒಂಬತ್ತನೇ ತಾರೀಖಿಗೆ ನಾವು ರೊಕ್ಕ ಜಮಾ ಮಾಡಿಲ್ರಿ. ಅವತ್ತು ಚೆಕ್ ಪಾಸಾಗಿತ್ತು."

ಅವರು ಹೇಳಿದ್ದೇ ಸರಿ. ನಾನು ಬರೆದ ಪದಗಳಲ್ಲಿ ಒಂದೂ ತಪ್ಪಿರಲಿಲ್ಲ. ಮೊತ್ತಗಳು ಮಾತ್ರ ಒಂದರ ಸಾಲಿನಲ್ಲಿ ಇನ್ನೊಂದು ಕೂತಿದ್ದವು. ಆವತ್ತಿನಿಂದ ನಾನು ಅನುವಾದಕ್ಕೆ ಕೈ ಹಾಕುವ ಮೊದಲು ಕೋಷ್ಟಕವನ್ನು ಕಟ್ಟಿ, ಲೆಕ್ಕ ತಾಳೆ ನೋಡಿ, ಆಮೇಲೆ ಕನ್ನಡಕ್ಕೆ ಬರುತ್ತೇನೆ. ಅದೇ ಫೋಟೊ ಇಟ್ಟುಕೊಂಡು ಹೇಳುತ್ತೇನೆ.

ಫೋಟೊ ನೇರ ಮಾಡುವುದು

ಎ4 ಹಾಳೆಯ ಎಡಗಡೆ ದಿನಾಂಕ, ಬಲತುದಿಗೆ ಶಿಲ್ಕು. ನಡುವೆ ಸುಮಾರು 200 ಮಿಲಿಮೀಟರ್ ಅಂತರ. ಫೋಟೊ ಬರೀ ಒಂದು ಡಿಗ್ರಿ ವಾಲಿದರೂ ಬಲತುದಿ ಮೂರೂವರೆ ಮಿಲಿಮೀಟರ್ ಮೇಲಕ್ಕೋ ಕೆಳಕ್ಕೋ ಹೋಗುತ್ತದೆ. ಸಣ್ಣ ಅಕ್ಷರದ ಸ್ಟೇಟ್‌ಮೆಂಟಿನಲ್ಲಿ ಅದು ಹೆಚ್ಚು ಕಡಿಮೆ ಒಂದು ಸಾಲಿನ ಎತ್ತರ. ಕಣ್ಣಿಗೆ ಫೋಟೊ ನೇರವಾಗಿಯೇ ಕಾಣುತ್ತದೆ, ಆದರೆ ದಿನಾಂಕದ ಎದುರಿಗೆ ಪಕ್ಕದ ಸಾಲಿನ ಮೊತ್ತ ಬಂದಿರುತ್ತದೆ.

ಸಾಧ್ಯವಿದ್ದರೆ ಫೋಟೊ ಮತ್ತೆ ತೆಗೆಸಿ. ಹಾಳೆಯನ್ನು ನೆಲದ ಮೇಲೆ ಹಾಸಿ, ನಾಲ್ಕೂ ಮೂಲೆಗೆ ಹಿಟ್ಟಿನ ಡಬ್ಬಿಯೋ ಮತ್ತೊಂದೋ ಭಾರ ಇಟ್ಟು, ನೇರ ಮೇಲಿನಿಂದ ತೆಗೆಯಲು ಹೇಳಿ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಅಂಕಿಗಳು ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದ ಹಾಗೆ ಬರುತ್ತದೆ.

ಹಾಳೆ ಮಡಚಿದ್ದರೆ ಮಾತ್ರ ಫೋಟೊ ತಿರುಗಿಸಿ ಪ್ರಯೋಜನವಿಲ್ಲ. ಮಡಿಕೆಯ ಆಚೆ ಒಂದು ವಾಲು, ಈಚೆ ಇನ್ನೊಂದು ವಾಲು. ನನಗೆ ಬಂದದ್ದು ಅಂಥದ್ದೇ.

ಎರಡೂ ತುದಿಯಿಂದ ಸಾಲು ಎಣಿಸುವುದು

ಇಡೀ ಕೆಲಸದಲ್ಲಿ ನಾನು ಹೆಚ್ಚು ನಂಬುವ ಹೆಜ್ಜೆ ಇದು. ಫೋಟೊ ಪ್ರಿಂಟ್ ತೆಗೆದುಕೊಳ್ಳಿ. ಎಡಗಡೆಯ ದಿನಾಂಕಗಳಿಗೆ ಪೆನ್ಸಿಲ್‌ನಲ್ಲಿ ಮೇಲಿನಿಂದ 1, 2, 3 ಎಂದು ನಂಬರ್ ಹಾಕಿ. ಆಮೇಲೆ ಅದನ್ನು ಕೈಯಿಂದ ಮುಚ್ಚಿ, ಬಲಗಡೆಯ ಶಿಲ್ಕುಗಳಿಗೂ, ಹಿಂದಿನಿಂದ ತಂದ ಮೊದಲ ಶಿಲ್ಕನ್ನು ಬಿಟ್ಟು, ಬೇರೆಯಾಗಿ 1, 2, 3 ಹಾಕಿ. ಎರಡೂ ಕಡೆ ಕೊನೆಯ ನಂಬರ್ ಒಂದೇ ಬಂದರೆ ಸಾಲುಗಳು ಸಿಕ್ಕಿದವು. ನಡುವಿನ ಮಡಿಕೆ ಹೇಗೇ ವಾಲಿರಲಿ, ಎಡಗಡೆಯ 3ಕ್ಕೆ ಬಲಗಡೆಯ 3 ಜೋಡಿ.

ವಿವರದ ಕಾಲಮ್ಮಿನ ಸಾಲುಗಳನ್ನು ಎಣಿಸಬೇಡಿ. ನಾನು ಎಡವಿದ್ದು ಅಲ್ಲೇ. ಯುಪಿಐ ವಿವರ ಉದ್ದ ಇರುತ್ತದೆ, ಮುರಿದು ಮೂರು ಸಾಲಾಗುತ್ತದೆ. ಅದರ ಮೊತ್ತ ಮಾತ್ರ ಮೊದಲ ಸಾಲಿನ ಎದುರಿಗೆ ಇರುತ್ತದೆ. ನನ್ನ ಫೋಟೊದಲ್ಲಿ ಹಾಳೆ ವಾಲಿದ್ದರಿಂದ ಮುಂದಿನ ವ್ಯವಹಾರದ 6,200 ರೂಪಾಯಿ ಬಂದು ಯುಪಿಐ ವಿವರದ ಮೂರನೇ ಸಾಲಿನ ಎದುರು ನಿಂತಿತ್ತು. ನಾನು ಅದನ್ನು ಯುಪಿಐ ಸಾಲಿಗೇ ಸೇರಿಸಿದೆ. ಅಲ್ಲಿದ್ದ 2,400 ಕೆಳಗಿನ ಸಾಲಿಗೆ ಹೋಯಿತು.

ಒಂದೇ ದಿನ ಎರಡು ವ್ಯವಹಾರ ಇದ್ದಾಗ ಕೆಲವು ಸ್ಟೇಟ್‌ಮೆಂಟುಗಳು ದಿನಾಂಕವನ್ನು ಒಂದೇ ಸಲ ಹಾಕುತ್ತವೆ. ಆಗ ಎಡಗಡೆ ಎಣಿಕೆ ಕಡಿಮೆ ಬರುತ್ತದೆ. ಅಂಥಲ್ಲಿ ಶಿಲ್ಕಿನ ಎಣಿಕೆಯನ್ನೇ ಹಿಡಿಯಿರಿ.

ಖಾಲಿ ಮನೆ ಖಾಲಿ ಬಿಡಬೇಡಿ

ಈಗ ಇಂಗ್ಲಿಷಿನಲ್ಲೇ ಟೈಪ್ ಮಾಡಿ. ಕನ್ನಡದ ಮಾತು ಈಗಲೇ ಬೇಡ. ಸ್ಪ್ರೆಡ್‌ಶೀಟಿನ ಮೊದಲ ಕಾಲಮ್ಮಿನಲ್ಲಿ ನಿಮ್ಮ ಸಾಲಿನ ನಂಬರ್, ಆಮೇಲೆ ಹಾಳೆಯಲ್ಲಿದ್ದ ಕ್ರಮದಲ್ಲೇ ಉಳಿದವು. ಪ್ರತಿ ಸಾಲಿನಲ್ಲೂ ತೆಗೆದ ಹಣ, ಜಮಾ ಹಣ ಈ ಎರಡರಲ್ಲಿ ಒಂದು ಮನೆ ಖಾಲಿ ಇದ್ದೇ ಇರುತ್ತದೆ. ಅದನ್ನು ಹಾಗೇ ಬಿಟ್ಟರೆ ಟೈಪ್ ಮಾಡುವಾಗ ಪಕ್ಕದ ಮೊತ್ತ ಜಾರಿ ಅಲ್ಲಿಗೆ ಬಂದು ಕೂರುತ್ತದೆ. ಹಣದ ಖಾಲಿ ಮನೆಗೆ 0 ಹಾಕಿ, ಅಕ್ಷರದ ಖಾಲಿ ಮನೆಗೆ ಅಡ್ಡಗೆರೆ ಹಾಕಿ.

```
No | Txn Dt   | Particulars         | Chq No | Wdl     | Dep     | Bal
-  | -        | B/F                 | -      | 0       | 0       | 18450.00
1  | 03-06-25 | TO CSH              | 004512 | 5000.00 | 0       | 13450.00
2  | 05-06-25 | BY UPI 515612345678 | -      | 0       | 2400.00 | 15850.00
3  | 09-06-25 | TO CLG              | 004513 | 6200.00 | 0       | 9650.00
4  | 12-06-25 | BY TRF              | -      | 0       | 3600.00 | 13250.00
5  | 16-06-25 | SMS CHG             | -      | 17.70   | 0       | 13232.30
6  | 30-06-25 | INT                 | -      | 0       | 98.00   | 13330.30
```

ಟೈಪ್ ಮಾಡುವ ಮೊದಲೇ ದಿನಾಂಕ, ವಿವರ, ಚೆಕ್ ನಂಬರ್ ಕಾಲಮ್ಮುಗಳನ್ನು ಟೆಕ್ಸ್ಟ್ ಎಂದು ಸೆಟ್ ಮಾಡಿ. ಇಲ್ಲದಿದ್ದರೆ 004512 ಹೋಗಿ ಬರೀ 4512 ಆಗುತ್ತದೆ. ಜೂನ್ ಮೂರು ಕೆಲವು ಕಂಪ್ಯೂಟರಿನಲ್ಲಿ ಮಾರ್ಚ್ ಆರು ಆಗಿಬಿಡುತ್ತದೆ.

ಶಿಲ್ಕಿನಿಂದ ತಾಳೆ

ಹಿಂದಿನ ಶಿಲ್ಕಿನಲ್ಲಿ ತೆಗೆದದ್ದು ಕಳೆದು, ಜಮಾ ಕೂಡಿಸಿದರೆ ಈ ಸಾಲಿನ ಶಿಲ್ಕು ಬರಬೇಕು. ಮೇಲಿನ ಶೀಟಿನಲ್ಲಿ ಶೀರ್ಷಿಕೆ ಮೊದಲ ಸಾಲು, ಹಿಂದಿನಿಂದ ತಂದ ಶಿಲ್ಕು ಎರಡನೇ ಸಾಲು. ಮೂರನೇ ಸಾಲಿನ H ಕಾಲಮ್ಮಿನಲ್ಲಿ ಈ ಸೂತ್ರ ಹಾಕಿ ಕೆಳಗೆ ಎಳೆಯಿರಿ:

```
=ROUND(G2-E3+F3-G3,2)
```

ಎಲ್ಲ ಕಡೆ 0 ಬಂದರೆ ಮೊತ್ತಗಳು ತಮ್ಮ ಜಾಗದಲ್ಲಿವೆ. ಗಮನಿಸಿ, ಪ್ರತಿ ಸಲವೂ ಹಾಳೆಯಲ್ಲಿ ಅಚ್ಚಾದ ಶಿಲ್ಕಿನಿಂದಲೇ ಶುರು ಮಾಡುತ್ತೇವೆ. ಹಾಗಾಗಿ ಒಂದು ತಪ್ಪು ಕೆಳಗಿನ ಸಾಲುಗಳಿಗೆಲ್ಲ ಹರಡುವುದಿಲ್ಲ, ಎಲ್ಲಿದೆಯೋ ಅಲ್ಲೇ ಕಾಣುತ್ತದೆ. ಹೊಸ ವ್ಯವಹಾರ ಮೇಲೆ, ಹಳೆಯದು ಕೆಳಗೆ ಇರುವ ಸ್ಟೇಟ್‌ಮೆಂಟ್ ಬಂದರೆ ಮೊದಲು ಸಾಲುಗಳನ್ನು ತಿರುವಿ ಹಾಕಿಕೊಳ್ಳಿ.

0 ಬರದಿದ್ದರೆ ಬಂದ ಅಂಕಿಯೇ ತಪ್ಪಿನ ಜಾತಿ ಹೇಳುತ್ತದೆ. ನಾನು ಮಾಡಿದ್ದ ಅದಲುಬದಲನ್ನೇ ಹಾಕಿ ನೋಡಿ. ಎರಡನೇ ವ್ಯವಹಾರದಲ್ಲಿ 6,200 ತೆಗೆದಂತೆ, ಮೂರನೆಯದರಲ್ಲಿ 2,400 ಜಮಾ ಆದಂತೆ ಬರೆದರೆ ಮೊದಲಿನದಕ್ಕೆ -8600, ಅದರ ಕೆಳಗೆ 8600 ಬರುತ್ತದೆ. ಅಕ್ಕಪಕ್ಕದ ಎರಡು ಸಾಲಿನಲ್ಲಿ ಅದೇ ಅಂಕಿ, ಒಂದು ಮೈನಸ್ ಒಂದು ಪ್ಲಸ್ ಬಂದರೆ ಆ ಎರಡು ಸಾಲು ಅದಲುಬದಲಾಗಿವೆಯೋ, ಇಲ್ಲ ಮೇಲಿನ ಸಾಲಿನ ಶಿಲ್ಕೇ ತಪ್ಪಾಗಿ ಟೈಪ್ ಆಗಿದೆಯೋ ಎಂದು ಹುಡುಕಿ.

ಕಾಲಮ್ ತಪ್ಪಿದ್ದರೆ ಗುರುತು ಬೇರೆ. ಐದನೇ ಸಾಲಿನ ಎಸ್ಸೆಮ್ಮೆಸ್ ಶುಲ್ಕ 17.70, ಅಂದರೆ 15 ರೂಪಾಯಿ ಮತ್ತು ಅದರ ಮೇಲೆ ಶೇ 18ರ ಜಿಎಸ್‌ಟಿ 2.70. ಇದನ್ನು ಜಮಾ ಕಾಲಮ್ಮಿಗೆ ಹಾಕಿದರೆ 35.40 ಬರುತ್ತದೆ. ಸರಿಯಾಗಿ ಎರಡರಷ್ಟು. ಕಳೆಯಬೇಕಾದ್ದನ್ನು ಕೂಡಿಸಿದ್ದರಿಂದ ಎರಡು ಸಲ ತಪ್ಪಿದ ಹಾಗೆ ಅಲ್ವಾ? ಇನ್ನು ವ್ಯತ್ಯಾಸ 9ರಿಂದ ಭಾಗವಾಗುವಂತಿದ್ದರೆ ಅಂಕಿ ಹಿಂದುಮುಂದಾಗಿರಬಹುದು, 2,400 ಬರೆಯುವಲ್ಲಿ 4,200 ಬರೆದ ಹಾಗೆ.

ತಾಳೆಯ ಕಣ್ಣಿಗೆ ಬೀಳದ ತಪ್ಪು

ಮೊತ್ತಗಳೆಲ್ಲ ಸರಿ ಇದ್ದು ವಿವರ ಮಾತ್ರ ಒಂದು ಸಾಲು ಜಾರಿದ್ದರೆ ಸೂತ್ರ ಸುಮ್ನೆ 0 ತೋರಿಸುತ್ತದೆ. ಇಲ್ಲಿ ವಿವರದ ಮೊದಲ ಪದ ನೆರವಿಗೆ ಬರುತ್ತದೆ. ಹಳೆಯ ಲೆಕ್ಕದ ಪದ್ಧತಿಯಲ್ಲಿ `TO` ಎಂದರೆ ಖಾತೆಯಿಂದ ಹೋದದ್ದು, `BY` ಎಂದರೆ ಖಾತೆಗೆ ಬಂದದ್ದು. `TO` ಇರುವ ಸಾಲಿನಲ್ಲಿ ಜಮಾ ಕಂಡರೆ ಏನೋ ಜಾರಿದೆ. ನಮ್ಮ ಚೆಕ್ ನಂಬರ್ ಕೂಡ ಹಣ ಹೋದ ಸಾಲಿನಲ್ಲೇ ಇರಬೇಕು.

ಒಂದರ ಕೆಳಗೊಂದು ಎರಡು ಯುಪಿಐ ಜಮಾ ಇದ್ದರೆ ಇದೂ ಸಾಲದು. ಆಗ 12 ಅಂಕಿಯ ಯುಪಿಐ ಉಲ್ಲೇಖ ಸಂಖ್ಯೆ ನೋಡಿ. ಸಾಮಾನ್ಯವಾಗಿ ಅದರ ಮೊದಲ ಅಂಕಿ ಇಸವಿಯ ಕೊನೆಯ ಅಂಕಿ, ಮುಂದಿನ ಮೂರು ಆ ವರ್ಷದ ಎಷ್ಟನೇ ದಿನ ಎಂಬುದು. 5156 ಎಂದು ಶುರುವಾದರೆ 2025ರ 156ನೇ ದಿನ. ಮೇ ಮುಗಿಯುವಾಗ 151 ದಿನ, ಅದಕ್ಕೆ ಐದು ಕೂಡಿದರೆ ಜೂನ್ 5. ನಮ್ಮ ಎರಡನೇ ಸಾಲಿನ ದಿನಾಂಕವೇ ಅದು.

ಈಗ ಕನ್ನಡ

ಸಂಕ್ಷೇಪಗಳನ್ನು ಅಕ್ಷರ ನೋಡಿ ಊಹಿಸುವುದಕ್ಕಿಂತ ಕಾಲಮ್ ಏನು ಮಾಡುತ್ತಿದೆ ಎಂದು ನೋಡುವುದು ಒಳ್ಳೆಯದು. ಯಾವ ಕಾಲಮ್ಮಿನ ಮೊತ್ತ ಶಿಲ್ಕನ್ನು ಇಳಿಸುತ್ತದೋ ಅದು ತೆಗೆದ ಹಣ, ಅದರ ತಲೆಯ ಮೇಲೆ `Wdl` ಇರಲಿ, `Dr` ಇರಲಿ. ಏರಿಸುವುದು ಜಮಾ, ಅಲ್ಲಿ `Dep` ಅಥವಾ `Cr` ಇರುತ್ತದೆ. `B/F` ಹಿಂದಿನಿಂದ ತಂದ ಶಿಲ್ಕು, `CSH` ನಗದು, `CLG` ಕ್ಲಿಯರಿಂಗ್, `TRF` ವರ್ಗಾವಣೆ, `INT` ಬಡ್ಡಿ. `TO`, `BY` ಇವನ್ನು "ಗೆ", "ಇಂದ" ಎಂದು ಮಾಡಲು ಹೋಗಬೇಡಿ, ಅರ್ಥ ತಿರುಗಾಮುರುಗಾ ಆಗುತ್ತದೆ. "ಚೆಕ್ ಕ್ಲಿಯರಿಂಗ್, ಖರ್ಚು" ಎಂದು ಬರೆದರೆ ಸಾಕು.

`Bal` ಎಂಬುದಕ್ಕೆ "ಬಾಕಿ" ಎಂದು ಬರೆಯಬೇಡಿ ಎಂದು ನಾನು ಕೈ ಮುಗಿದು ಕೇಳುತ್ತೇನೆ. ನಮ್ಮ ಕಡೆ ಬಾಕಿ ಎಂದರೆ ಕೊಡಬೇಕಾದ ಹಣ. ಉಳಿತಾಯ ಖಾತೆಯಲ್ಲಿ 13,330.30 ರೂಪಾಯಿ ಬಾಕಿ ಎಂದು ಸಭೆಯಲ್ಲಿ ಓದಿದರೆ ಹೆಣ್ಣುಮಕ್ಕಳು ಗಾಬರಿಯಾಗುತ್ತಾರೆ. ಶಿಲ್ಕು ಎನ್ನಿ, ಎಲ್ಲರಿಗೂ ತಿಳಿಯುತ್ತದೆ. ಬೆಳೆ ಸಾಲದ ಖಾತೆಯಾದರೆ ಮಾತ್ರ ಅದು ನಿಜವಾಗಿ ಸಾಲದ ಬಾಕಿ. ಅಲ್ಲಿ ಶಿಲ್ಕಿನ ಮುಂದೆ `Dr` ಇರುತ್ತದೆ, ಹಣ ತೆಗೆದಷ್ಟೂ ಅಂಕಿ ಏರುತ್ತದೆ, ತಾಳೆಯ ಸೂತ್ರವೂ ತಿರುಗುತ್ತದೆ:

```
=ROUND(G2+E3-F3-G3,2)
```

ಕನ್ನಡವನ್ನು ಅದೇ ಶೀಟಿನಲ್ಲಿ, ವಿವರದ ಪಕ್ಕ ಒಂದು ಹೊಸ ಕಾಲಮ್ ಸೇರಿಸಿ ಬರೆಯಿರಿ. ಸೇರಿಸಿದಾಗ ಸೂತ್ರದ ಕಾಲಮ್ ಹೆಸರುಗಳು ತಾವೇ ಬದಲಾಗುತ್ತವೆ. ಅಂಕಿಗಳನ್ನು ಮುಟ್ಟಬೇಡಿ, ಕನ್ನಡ ಅಂಕಿಗೂ ತಿರುಗಿಸಬೇಡಿ. ಸಣ್ಣ ಅಚ್ಚಿನಲ್ಲಿ ೬ ಮತ್ತು ೭ ಒಂದೇ ಥರ ಕಾಣುತ್ತವೆ, ಮೂಲದ ಜೊತೆ ಹೋಲಿಸುವವರಿಗೂ ಕಷ್ಟ. ಕನ್ನಡ ಪದ ಉದ್ದವಾಗಿ ಎರಡು ಸಾಲಾದರೆ ಆಗಲಿ, ಪ್ರತಿ ಮೊತ್ತದ ಜೊತೆ ಸಾಲಿನ ನಂಬರ್ ಇದೆಯಲ್ಲ. ಕೊನೆಗೆ ಇಂಗ್ಲಿಷ್ ವಿವರದ ಕಾಲಮ್ ಮತ್ತು ತಾಳೆಯ ಕಾಲಮ್ ಮರೆಮಾಡಿ, 0ಗಳ ಜಾಗದಲ್ಲಿ ಗೆರೆ ಹಾಕಿ ಪ್ರಿಂಟ್ ಕೊಡಿ.

ಮಡಿಕೆಯಲ್ಲಿ ಒಂದು ಅಂಕಿ ಅಳಿಸಿಹೋಗಿದ್ದರೆ? ಶಿಲ್ಕುಗಳಿಂದ ಅದು ಎಷ್ಟೆಂದು ಲೆಕ್ಕ ಹಾಕಬಹುದು. ನನ್ನ ಫೋಟೊದಲ್ಲಿ ನಾಲ್ಕನೇ ಸಾಲಿನ 3,600ರ ಆರು ಮಸುಕಾಗಿತ್ತು. 13,250ರಲ್ಲಿ 9,650 ಕಳೆದರೆ 3,600, ಅನುಮಾನವೇ ಇಲ್ಲ. ಆದರೂ ಅದರ ಪಕ್ಕ ಒಂದು ನಕ್ಷತ್ರ ಹಾಕಿ, "ಫೋಟೊದಲ್ಲಿ ಓದಲು ಬರುವುದಿಲ್ಲ, ಶಿಲ್ಕಿನಿಂದ ಲೆಕ್ಕ ಹಾಕಿದ್ದು" ಎಂದು ಕೆಳಗೆ ಬರೆದು ಕಳಿಸಿದೆ. ಖಜಾಂಚಿ ಮಾರನೇ ದಿನ ಮೂಲ ಹಾಳೆ ನೋಡಿ ಆ ನಕ್ಷತ್ರದ ಮೇಲೆ ಪೆನ್ನಿನಿಂದ ಸರಿ ಗುರುತು ಹಾಕಿಕೊಂಡರು.