ರೆಸ್ಯೂಮೆಯಲ್ಲಿ ಬಿಲ್ಲುಗಳನ್ನಲ್ಲ, ಅತಿಥಿಗಳನ್ನು ಎಣಿಸಿದೆ

ದಾವಣಗೆರೆಯ ಹೋಟೆಲೊಂದರಲ್ಲಿ ಬಾಣಸಿಗನಾಗಿರುವ ನಾನು ರೆಸ್ಯೂಮೆಯಲ್ಲಿ ‘ದಿನಕ್ಕೆ 80 ಅತಿಥಿಗಳು’ ಎಂದು ಬರೆದಿದ್ದೆ. ಸಂದರ್ಶನದಲ್ಲಿ ಲೆಕ್ಕ ಕೇಳಿದಾಗ, ನಾನು ಎಣಿಸಿದ್ದು ಬಿಲ್ಲುಗಳನ್ನು ಎಂಬುದು ಅರಿವಾಯಿತು. ಒಂದು ಬಿಲ್ಲಿನಲ್ಲಿ ಇಡೀ ಕುಟುಂಬವೇ ಊಟ ಮಾಡಿರುತ್ತದೆ.

ಮಾಲೀಕರ ಅನುಮತಿ ಪಡೆದು, ಅಡುಗೆಮನೆಗೆ ಬರುವ ಆರ್ಡರ್ ಚೀಟಿಗಳಾದ ಕೆಒಟಿಗಳಲ್ಲಿ ನಮೂದಾಗಿದ್ದ ಅತಿಥಿಗಳ ಸಂಖ್ಯೆಯನ್ನು ನನ್ನ ಪಾಳಿಗಷ್ಟೇ ಸೀಮಿತಗೊಳಿಸಿ, ಹಬ್ಬಗಳಿಲ್ಲದ ಒಂದು ವಾರದ ಮಟ್ಟಿಗೆ ಕೂಡಿದೆ. ಭಾನುವಾರ 320, ಉಳಿದ 6 ದಿನ ತಲಾ 180ರಂತೆ ಒಟ್ಟು 1,400 ಆಯಿತು. 7ರಿಂದ ಭಾಗಿಸಿದರೆ ದಿನಕ್ಕೆ 200. ಭಾನುವಾರದ ಸಂಖ್ಯೆಯನ್ನೇ ಬರೆಯುವ ಆಸೆಯಾಯಿತಾದರೂ ಅದು ಸರಿಯಲ್ಲವೆನಿಸಿ, ‘ನಾಲ್ವರ ತಂಡದಲ್ಲಿ, ಸಂಜೆ ಪಾಳಿಯಲ್ಲಿ ಸರಾಸರಿ 200 ಅತಿಥಿಗಳು’ ಎಂದು ತಿದ್ದಿದೆ.

ಆನ್‌ಲೈನ್ ರೇಟಿಂಗ್ ಇಡೀ ಹೋಟೆಲಿನದಾದ್ದರಿಂದ ‘ನನ್ನ ರೇಟಿಂಗ್’ ಎಂಬುದನ್ನು ತೆಗೆದು, ‘ಹೋಟೆಲಿನ ರೇಟಿಂಗ್ 4.3, ವಿಮರ್ಶೆಗಳು 212’ ಎಂದು, ನೋಡಿದ ತಿಂಗಳ ಸಮೇತ ಬರೆದೆ.

‘ಸ್ವಚ್ಛತೆಯ ಅರಿವಿದೆ’ ಎಂಬ ಸಾಲಿನ ಜಾಗದಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ನಡೆಸುವ ಫಾಸ್ಟ್ಯಾಕ್ ಎಂಬ ಆಹಾರ ಸುರಕ್ಷತಾ ತರಬೇತಿಯ ಹೆಸರು, ಹಂತ, ಪ್ರಮಾಣಪತ್ರದ ಸಂಖ್ಯೆ ಹಾಗೂ ದಿನಾಂಕ ಬಂದವು. ಆ ಪ್ರಮಾಣಪತ್ರದ ಮಾನ್ಯತೆ 2 ವರ್ಷ ಮಾತ್ರವಾದ್ದರಿಂದ, ಮುಗಿಯುವ ದಿನಾಂಕವನ್ನೂ ಸೇರಿಸಿದೆ. ಮುಂದಿನ ಸಂದರ್ಶನದಲ್ಲಿ ಸಂದರ್ಶಕರು ಮೊದಲು ಕೇಳಿದ್ದು ಆ ದಿನಾಂಕವನ್ನೇ.